ಖಾತೆಯಲ್ಲಿ ಕನ್ನಡ ಆರಿಸಿದರೂ ಫೋನಿನ ಮೆನು ಬದಲಾಗದಿದ್ದರೆ: ಯಾವ ಭಾಷೆಯ ಆಯ್ಕೆ ಎಲ್ಲಿರುತ್ತದೆ

ಯಾದಗಿರಿ ಜಿಲ್ಲೆಯ ಗುರುಮಠಕಲ್‌ನಲ್ಲಿರುವ ನಮ್ಮ ಕಾಕಾ ಅವರಿಗೆ ಹೈದರಾಬಾದಿನಲ್ಲಿ ಕೆಲಸ ಮಾಡುವ ಅಳಿಯ ತಾನು ಬಳಸುತ್ತಿದ್ದ ಆಂಡ್ರಾಯ್ಡ್ ಫೋನನ್ನು ಕೊಟ್ಟರು. ಅಳಿಯ ತಮ್ಮ ಗೂಗಲ್ ಖಾತೆಯನ್ನು ತೆಗೆದು ಕಾಕಾ ಅವರ ಖಾತೆಯನ್ನು ಹಾಕಿದ್ದರು, ಆದರೆ ಫೋನಿನ ಭಾಷೆ ತೆಲುಗಿನಲ್ಲಿಯೇ ಉಳಿದಿತ್ತು. ತೆಲುಗು ಮಾತು ಬಲ್ಲ, ಆದರೆ ಓದು ಬಾರದ ಕಾಕಾ, ಬಸ್ ನಿಲ್ದಾಣದ ಬಳಿಯ ಕಂಪ್ಯೂಟರ್ ಅಂಗಡಿಗೆ ಹೋಗಿ ಖಾತೆಯ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿಕೊಂಡರು. ಅಲ್ಲಿನ ಪರದೆಯ ಮೇಲೆ ಜಿಮೇಲ್ ಕನ್ನಡದಲ್ಲಿ ತೆರೆದುಕೊಂಡಿತು, ಅವರು ಸಮಾಧಾನದಿಂದ ಮನೆಗೆ ಬಂದರು. ಫೋನು ಮಾತ್ರ ಮೊದಲಿನಂತೆಯೇ ಇತ್ತು. ಮತ್ತೊಮ್ಮೆ ಹೋಗಿ ಅದೇ ಕೆಲಸ ಮಾಡಿಸಿಕೊಂಡು ಬಂದ ಮೇಲೆ ನನಗೆ ಕರೆ ಮಾಡಿ, "ಎರಡು ಸಲ ಕನ್ನಡ ಮಾಡಿಸ್ಕೊಂಡು ಬಂದೀನಿ ತಮ್ಮಾ, ಮನಿಗಿ ಬರೋದ್ರಾಗ ಮತ್ತ ತೆಲುಗು ಆಗ್ಲತ್ತದ" ಎಂದರು.

ಫೋನು ಮತ್ತೆ ತೆಲುಗಿಗೆ ಮರಳಿರಲಿಲ್ಲ, ಅದು ಬದಲಾಗಿಯೇ ಇರಲಿಲ್ಲ. ಬದಲಾದದ್ದು ಬೇರೆಯೇ ಒಂದು ಜಾಗದ ಭಾಷೆ. ಕಲಬುರಗಿ, ಬೀದರ್, ಯಾದಗಿರಿ ಭಾಗದಲ್ಲಿ ಒಂದೇ ಫೋನು ತೆಲುಗು, ಉರ್ದು, ಮರಾಠಿ ಅಥವಾ ಹಿಂದಿಯವರ ಕೈಯಿಂದ ಕನ್ನಡದವರ ಕೈಗೆ ಬರುವುದು ಸಾಮಾನ್ಯವಾದ್ದರಿಂದ ಇದೇ ತಪ್ಪನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಕೆಳಗಿನ ಹಂತಗಳು ಆಂಡ್ರಾಯ್ಡ್ ಫೋನು ಮತ್ತು ಗೂಗಲ್ ಖಾತೆಗೆ ಸಂಬಂಧಿಸಿದವು. ದಯವಿಟ್ಟು ಇರುವ ಕ್ರಮದಲ್ಲಿಯೇ ಮಾಡಿ, ಏಕೆಂದರೆ ಮೊದಲನೆಯ ಹಂತವನ್ನು ಬಿಟ್ಟವರೇ ಹೆಚ್ಚಾಗಿ ತಪ್ಪು ಜಾಗದಲ್ಲಿ ಭಾಷೆ ಬದಲಾಯಿಸುತ್ತಾರೆ.

## ಕೆಲಸಕ್ಕೆ ಮುನ್ನ ಕೈಯಲ್ಲಿರಬೇಕಾದವು

ನಿಮ್ಮ ಫೋನು, ಇಂಟರ್ನೆಟ್ ಸಂಪರ್ಕ ಮತ್ತು ಹತ್ತು ನಿಮಿಷದ ಸಮಯ ಇದ್ದರೆ ಸಾಕು. ಮೆನು ನಿಮಗೆ ಓದಲು ಬಾರದ ಲಿಪಿಯಲ್ಲಿದ್ದರೆ, ಅದೇ ಕಂಪನಿಯ ಇನ್ನೊಂದು ಫೋನು ಪಕ್ಕದಲ್ಲಿದ್ದರೆ ಬಹಳ ಅನುಕೂಲವಾಗುತ್ತದೆ. ಅದರ ಉಪಯೋಗವನ್ನು ಹಂತ 4ರಲ್ಲಿ ಹೇಳಿದ್ದೇನೆ. ಫೋನಿನ ಭಾಷೆಯನ್ನು ಬದಲಾಯಿಸಲು ಖಾತೆಯ ಪಾಸ್‌ವರ್ಡ್ ಆಗಲಿ, ಒಟಿಪಿ ಆಗಲಿ, ಕಂಪ್ಯೂಟರ್ ಆಗಲಿ ಬೇಕಾಗುವುದಿಲ್ಲ.

## ಹಂತ 1: ಬದಲಾಗಬೇಕಾದ ಪದಗಳು ಎಲ್ಲಿಂದ ಬರುತ್ತಿವೆ ಎಂದು ಗುರುತಿಸಿ

ಫೋನಿನ ಪರದೆಯ ಮೇಲೆ ಕಾಣುವ ಪದಗಳೆಲ್ಲ ಒಂದೇ ಕಡೆಯಿಂದ ಬರುವುದಿಲ್ಲ. ಕೆಲವು ಪದಗಳು ಫೋನಿನ ಒಳಗೇ ಬರೆದಿಟ್ಟಂತೆ ಇರುತ್ತವೆ, ಕೆಲವು ಆಯಾ ಆ್ಯಪ್‌ನ ಒಳಗಿರುತ್ತವೆ, ಇನ್ನು ಕೆಲವು ಪ್ರತಿ ಸಲವೂ ದೂರದ ಸರ್ವರ್‌ನಿಂದ ಇಂಟರ್ನೆಟ್ ಮೂಲಕ ಇಳಿದು ಬರುತ್ತವೆ. ಇವುಗಳ ವ್ಯತ್ಯಾಸವನ್ನು ತಿಳಿಯಲು ಒಂದು ಸರಳ ಪರೀಕ್ಷೆ ಇದೆ.

ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ. ವೈಫೈ ಕೂಡ ಆಫ್ ಆಗಿದೆಯೇ ಎಂದು ನೋಡಿಕೊಳ್ಳಿ. ಈಗ ಸೆಟ್ಟಿಂಗ್ಸ್ ತೆರೆಯಿರಿ. ಬ್ಯಾಟರಿ, ಡಿಸ್‌ಪ್ಲೇ, ಸೌಂಡ್ ಮುಂತಾದ ಮೆನುಗಳೆಲ್ಲ ಎಂದಿನಂತೆ ತೆರೆದುಕೊಳ್ಳುತ್ತವೆ. ಅಂದರೆ ಆ ಪದಗಳು ಫೋನಿನಲ್ಲಿಯೇ ಇವೆ, ಯಾವ ಸರ್ವರ್‌ನನ್ನೂ ಕೇಳಿ ಬರುತ್ತಿಲ್ಲ. ಇನ್ನು ಅದೇ ಸೆಟ್ಟಿಂಗ್ಸ್‌ನಲ್ಲಿ Google ಎಂಬುದನ್ನು ಒತ್ತಿ, Manage your Google Account ಎಂಬುದನ್ನು ತೆರೆಯಲು ಪ್ರಯತ್ನಿಸಿ. ಸಂಪರ್ಕವಿಲ್ಲವೆಂಬ ಸೂಚನೆ ಬರುತ್ತದೆ, ಪುಟ ತೆರೆದುಕೊಳ್ಳುವುದಿಲ್ಲ.

ಗೊಂದಲದ ಮೂಲ ಇಲ್ಲಿಯೇ ಇದೆ. ಖಾತೆಯ ಪುಟಕ್ಕೆ ಹೋಗುವ ಬಾಗಿಲನ್ನು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಇಟ್ಟಿದ್ದಾರೆ. ಆ ಬಾಗಿಲ ಮೂಲಕ ಒಳಗೆ ಹೋದವರು ತಾವು ಇನ್ನೂ ಫೋನಿನ ಸೆಟ್ಟಿಂಗ್ಸ್‌ನಲ್ಲಿಯೇ ಇದ್ದೇವೆಂದು ತಿಳಿದು, ಅಲ್ಲಿ Language ಎಂದು ಕಂಡದ್ದನ್ನು ಕನ್ನಡಕ್ಕೆ ಬದಲಾಯಿಸಿ, ಫೋನು ಬದಲಾಗಲಿಲ್ಲವೆಂದು ಬೇಸರಪಡುತ್ತಾರೆ. ಕಂಪ್ಯೂಟರ್ ಅಂಗಡಿಗೆ ಹೋಗದೆ ಫೋನಿನಲ್ಲಿಯೇ ಎಲ್ಲವನ್ನೂ ಮಾಡಿದವರೂ ಈ ತಪ್ಪಿಗೆ ಸಿಲುಕುವುದು ಇದರಿಂದಲೇ. ನೆಟ್ ಇಲ್ಲದೆ ತೆರೆಯದ ಭಾಷೆಯ ಪುಟ ಖಾತೆಯದು, ನೆಟ್ ಇಲ್ಲದೆಯೂ ತೆರೆಯುವ ಭಾಷೆಯ ಪುಟ ಫೋನಿನದು ಎಂದು ನೆನಪಿಟ್ಟುಕೊಂಡರೆ ಈ ತಪ್ಪು ಆಗುವುದಿಲ್ಲ.

ಪರೀಕ್ಷೆ ಮುಗಿದ ಮೇಲೆ ಫ್ಲೈಟ್ ಮೋಡ್ ತೆಗೆಯಿರಿ.

## ಹಂತ 2: ಖಾತೆಯ ಭಾಷೆ ಏನನ್ನು ಬದಲಾಯಿಸುತ್ತದೆ ಎಂದು ತಿಳಿಯಿರಿ

ಖಾತೆಯ ಭಾಷೆಯ ಪುಟದ ವಿಳಾಸ ಹೀಗಿದೆ:

```
myaccount.google.com/language
```

ಮೆನುಗಳ ಮೂಲಕ ಹೋಗುವುದಾದರೆ Personal info ಪುಟದಲ್ಲಿ ಕೆಳಗೆ ಸರಿಯುತ್ತ ಹೋಗಿ General preferences for the web ಎಂಬ ಶೀರ್ಷಿಕೆಯ ಕೆಳಗಿರುವ Language ಅನ್ನು ಒತ್ತಬೇಕು. ಆ ಶೀರ್ಷಿಕೆಯ ಕೊನೆಯ ಪದವನ್ನು ಗಮನಿಸಿ. ಇದು ವೆಬ್‌ಗೆ ಸಂಬಂಧಿಸಿದ ಆಯ್ಕೆ ಎಂದು ಅವರೇ ಬರೆದಿದ್ದಾರೆ. ಓದುವ ಅವಸರದಲ್ಲಿ ನಮ್ಮ ಕಣ್ಣು ಅದನ್ನು ದಾಟಿ Language ಎಂಬ ಪದಕ್ಕೆ ಹೋಗಿಬಿಡುತ್ತದೆ.

ನೀವು ಇಲ್ಲಿ ಆರಿಸಿದ ಭಾಷೆ ಗೂಗಲ್‌ನ ಸರ್ವರ್‌ನಲ್ಲಿ ನಿಮ್ಮ ಖಾತೆಯ ಜೊತೆ ದಾಖಲಾಗುತ್ತದೆ. ನೀವು ಯಾವುದೇ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಲಾಗಿನ್ ಆಗಿ ಜಿಮೇಲ್, ಡ್ರೈವ್ ಅಥವಾ ಖಾತೆಯ ಪುಟವನ್ನು ತೆರೆದಾಗ, ಸರ್ವರ್ ಆ ದಾಖಲೆಯನ್ನು ನೋಡಿ ಕನ್ನಡದ ಪುಟವನ್ನು ಕಳುಹಿಸುತ್ತದೆ. ಕಾಕಾ ಅವರ ಜಿಮೇಲ್ ಅಂಗಡಿಯ ಪರದೆಯ ಮೇಲೆ ಕನ್ನಡದಲ್ಲಿ ಕಂಡದ್ದು ಈ ಕಾರಣದಿಂದ. ಅದೇ ಖಾತೆಯಿಂದ ಬೀದರಿನ ಇನ್ನೊಂದು ಕಂಪ್ಯೂಟರ್‌ನಲ್ಲಿ ಲಾಗಿನ್ ಆದರೂ ಕನ್ನಡವೇ ಬರುತ್ತದೆ.

ಆದರೆ ಫೋನಿನ ಸೆಟ್ಟಿಂಗ್ಸ್ ತೆರೆದಾಗ ಫೋನು ಆ ದಾಖಲೆಯನ್ನು ನೋಡುವುದೇ ಇಲ್ಲ. ಅದರ ಪದಗಳು ಬೇರೆ ಬೇರೆ ಭಾಷೆಗಳಲ್ಲಿ ಮೊದಲೇ ಫೋನಿನೊಳಗೆ ತುಂಬಿರುತ್ತವೆ. ಆ್ಯಪ್ ತಯಾರಿಸುವವರು ಪ್ರತಿ ಭಾಷೆಗೂ ಒಂದೊಂದು ಕಡತದ ಪೆಟ್ಟಿಗೆ ಮಾಡಿ ಅದರೊಳಗೆ ಪದಗಳನ್ನು ಇಡುತ್ತಾರೆ. ಅದು ಹೀಗಿರುತ್ತದೆ:

```
res/values/strings.xml
res/values-te/strings.xml
res/values-kn/strings.xml
```

ಮೊದಲನೆಯದು ಮೂಲ ಭಾಷೆಯದು, ಸಾಮಾನ್ಯವಾಗಿ ಇಂಗ್ಲಿಷ್. te ಎಂಬುದು ತೆಲುಗಿನ, kn ಎಂಬುದು ಕನ್ನಡದ ಗುರುತು. ಯಾವ ಪೆಟ್ಟಿಗೆ ತೆರೆಯಬೇಕೆಂದು ಆಂಡ್ರಾಯ್ಡ್ ತೀರ್ಮಾನಿಸುವುದು ಫೋನಿನಲ್ಲಿ ಉಳಿಸಿಟ್ಟ ಭಾಷೆಗಳ ಪಟ್ಟಿಯನ್ನು ನೋಡಿ. ಆ ಪಟ್ಟಿ ಫೋನಿನಲ್ಲಿದೆ, ಖಾತೆಯಲ್ಲಿಲ್ಲ. ಒಂದೇ ಖಾತೆಯನ್ನು ಎರಡು ಫೋನುಗಳಲ್ಲಿ ಹಾಕಿ, ಒಂದನ್ನು ಉರ್ದುವಿನಲ್ಲಿಯೂ ಇನ್ನೊಂದನ್ನು ಕನ್ನಡದಲ್ಲಿಯೂ ಇಟ್ಟುಕೊಳ್ಳಲು ಸಾಧ್ಯವಾಗುವುದು ಹೀಗಿರುವುದರಿಂದಲೇ.

ಇದೇ ಕಾರಣಕ್ಕೆ ತದ್ವಿರುದ್ಧದ ದೂರೂ ಕೇಳಿಬರುತ್ತದೆ. ಫೋನನ್ನು ಕನ್ನಡಕ್ಕೆ ಬದಲಾಯಿಸಿದ ಮೇಲೂ ಕಚೇರಿಯ ಕಂಪ್ಯೂಟರ್‌ನಲ್ಲಿ ಜಿಮೇಲ್ ಇಂಗ್ಲಿಷಿನಲ್ಲಿಯೇ ಇದೆ ಎನ್ನುವವರು ಖಾತೆಯ ಪುಟಕ್ಕೆ ಹೋಗಬೇಕೇ ಹೊರತು ಫೋನಿಗಲ್ಲ.

## ಹಂತ 3: ಫೋನಿನ ಭಾಷೆಯನ್ನು ಬದಲಾಯಿಸಿ

ಸೆಟ್ಟಿಂಗ್ಸ್‌ನ ದಾರಿ ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತದೆ. ಪಿಕ್ಸೆಲ್, ಮೊಟೊರೊಲಾ ಮುಂತಾದ, ಮೂಲ ಆಂಡ್ರಾಯ್ಡ್‌ಗೆ ಹತ್ತಿರವಾಗಿರುವ ಫೋನುಗಳಲ್ಲಿ Settings, ನಂತರ System, ನಂತರ Languages, ಅದರೊಳಗೆ System languages ಎಂಬ ಕ್ರಮ ಇರುತ್ತದೆ. ಹಳೆಯ ಆವೃತ್ತಿಗಳಲ್ಲಿ Languages ಬದಲು Languages & input ಎಂದಿರುತ್ತದೆ. ಸ್ಯಾಮ್‌ಸಂಗ್‌ನಲ್ಲಿ Settings, General management, Language ಎಂದು ಹೋಗಬೇಕು. ರೆಡ್ಮಿ ಮತ್ತು ಶಿಯೋಮಿ ಫೋನುಗಳಲ್ಲಿ Settings, Additional settings, Languages & input, Languages ಎಂದಿರುತ್ತದೆ. ಬೇರೆ ಕಂಪನಿಯ ಫೋನಾಗಿದ್ದು ಮೆನು ಇಂಗ್ಲಿಷಿನಲ್ಲಿದ್ದರೆ, ಸೆಟ್ಟಿಂಗ್ಸ್‌ನ ಮೇಲ್ಭಾಗದ ಹುಡುಕಾಟದ ಪಟ್ಟಿಯಲ್ಲಿ Language ಎಂದು ಬರೆದರೆ ದಾರಿ ಸಿಗುತ್ತದೆ.

ಪಟ್ಟಿಯಲ್ಲಿ ಕನ್ನಡ ಮೊದಲೇ ಇಲ್ಲದಿದ್ದರೆ Add a language ಅಥವಾ Add language ಅನ್ನು ಒತ್ತಿ, ಕನ್ನಡವನ್ನು ಆರಿಸಿ, ಪ್ರದೇಶ ಕೇಳಿದರೆ ಭಾರತವನ್ನು ಆರಿಸಿ. ಇಲ್ಲಿಯವರೆಗೆ ಸರಿಯಾಗಿ ಬಂದು ಇಲ್ಲಿಯೇ ನಿಂತುಬಿಡುವವರು ಬಹಳ ಮಂದಿ. ಕನ್ನಡವನ್ನು ಪಟ್ಟಿಗೆ ಸೇರಿಸಿದರಷ್ಟೇ ಸಾಲದು, ಅದು ಪಟ್ಟಿಯ ಮೊದಲ ಸ್ಥಾನದಲ್ಲಿರಬೇಕು. ಮೂಲ ಆಂಡ್ರಾಯ್ಡ್‌ನಲ್ಲಿ ಭಾಷೆಯ ಹೆಸರಿನ ಬಲಬದಿಯ ಗೆರೆಗಳ ಗುರುತನ್ನು ಬೆರಳಿನಿಂದ ಒತ್ತಿ ಹಿಡಿದು ಕನ್ನಡವನ್ನು ಎಲ್ಲಕ್ಕಿಂತ ಮೇಲಕ್ಕೆ ಎಳೆಯಬೇಕು. ಸ್ಯಾಮ್‌ಸಂಗ್‌ನಲ್ಲಿ ಭಾಷೆ ಸೇರಿಸುವಾಗ Set as default ಎಂಬ ಪ್ರಶ್ನೆ ಬರುತ್ತದೆ, ಅದನ್ನು ಒಪ್ಪಬೇಕು. ಅಲ್ಲಿ Keep current ಎಂದು ಒತ್ತಿದರೆ ಕನ್ನಡ ಪಟ್ಟಿಯಲ್ಲಿದ್ದರೂ ಮೆನು ಬದಲಾಗುವುದಿಲ್ಲ.

ಸರಿಯಾಗಿ ಆಗಿದ್ದರೆ ಮೆನು ಕೂಡಲೇ ಬದಲಾಗುತ್ತದೆ, ಫೋನನ್ನು ಆಫ್ ಮಾಡಿ ಆನ್ ಮಾಡುವ ಅಗತ್ಯವಿಲ್ಲ. ಬದಲಾಗದಿದ್ದರೆ ಕನ್ನಡ ಇನ್ನೂ ಎರಡನೆಯ ಸ್ಥಾನದಲ್ಲಿದೆ ಎಂದೇ ತಿಳಿದು ಮೊದಲು ಅದನ್ನು ಪರೀಕ್ಷಿಸಿ.

ಹಳೆಯ ಭಾಷೆಯನ್ನು ಪಟ್ಟಿಯಿಂದ ತೆಗೆಯುವ ಅವಸರ ಬೇಡ. ಕನ್ನಡದ ಕೆಳಗೆ ನೀವು ಓದಬಲ್ಲ ಇನ್ನೊಂದು ಭಾಷೆಯನ್ನು, ಇಂಗ್ಲಿಷ್ ಅಥವಾ ಹಿಂದಿಯನ್ನು, ಉಳಿಸಿಕೊಳ್ಳುವುದು ಒಳ್ಳೆಯದು. 2016ರಲ್ಲಿ ಬಂದ ಆಂಡ್ರಾಯ್ಡ್ 7ರಿಂದ ಮೂಲ ವ್ಯವಸ್ಥೆಯಲ್ಲಿ ಒಂದಕ್ಕಿಂತ ಹೆಚ್ಚು ಭಾಷೆಗಳ ಪಟ್ಟಿ ಇಡಲು ಅವಕಾಶವಿದೆ. ಯಾವುದಾದರೂ ಆ್ಯಪ್‌ನಲ್ಲಿ ಕನ್ನಡದ ಪೆಟ್ಟಿಗೆಯೇ ಇಲ್ಲದಿದ್ದರೆ ಆಂಡ್ರಾಯ್ಡ್ ಪಟ್ಟಿಯ ಎರಡನೆಯ ಭಾಷೆಯನ್ನು ನೋಡುತ್ತದೆ. ಕಾಕಾ ಅವರ ಪಟ್ಟಿಯಲ್ಲಿ ಕನ್ನಡದ ಕೆಳಗೆ ತೆಲುಗನ್ನೇ ಬಿಟ್ಟಿದ್ದರೆ, ಕನ್ನಡವಿಲ್ಲದ ಆದರೆ ತೆಲುಗು ಇರುವ ಆ್ಯಪ್‌ಗಳು ತೆಲುಗಿನಲ್ಲಿಯೇ ತೆರೆಯುತ್ತಿದ್ದವು. ಆದ್ದರಿಂದ ಎರಡನೆಯ ಸ್ಥಾನಕ್ಕೆ ಇಂಗ್ಲಿಷನ್ನು ತಂದು, ಮೆನು ಕನ್ನಡಕ್ಕೆ ಬಂದದ್ದನ್ನು ಖಚಿತಪಡಿಸಿಕೊಂಡ ನಂತರ ತೆಲುಗನ್ನು ತೆಗೆದೆವು.

## ಹಂತ 4: ಮೆನು ಓದಲು ಬಾರದ ಲಿಪಿಯಲ್ಲಿದ್ದರೆ

ಕಾಕಾ ಅವರ ಫೋನನ್ನು ನಾನು ಕಲಬುರಗಿಯಲ್ಲಿ ಕುಳಿತು ಕರೆಯ ಮೂಲಕವೇ ಸರಿಪಡಿಸಬೇಕಾಯಿತು. ನನಗೂ ತೆಲುಗು ಓದಲು ಬರುವುದಿಲ್ಲ. ಆದರೆ ತೆಲುಗು ಲಿಪಿ ಕನ್ನಡಕ್ಕೆ ಎಷ್ಟು ಹತ್ತಿರವೆಂದರೆ, ನಿಧಾನವಾಗಿ ನೋಡಿದರೆ కొన్ని ಎಂಬಂತಹ ಪದಗಳಲ್ಲಿಯೂ ಪರಿಚಿತ ಅಕ್ಷರಗಳು ಕಾಣುತ್ತವೆ. ಮೆನುವಿನಲ್ಲಿ భాష ಎಂಬ ಎರಡು ಅಕ್ಷರಗಳಿಂದ ಆರಂಭವಾಗುವ ಸಾಲನ್ನು ಹುಡುಕಲು ಹೇಳಿದೆ. ಅದು ನಮ್ಮ "ಭಾಷ"ವನ್ನು ಹೋಲುತ್ತದೆ, ತಲೆಯ ಮೇಲಿನ ಕೊಂಬಿನಲ್ಲಿ ಸ್ವಲ್ಪ ವ್ಯತ್ಯಾಸವಿದೆ ಅಷ್ಟೇ. ಕಾಕಾ ಅದನ್ನು ಎರಡು ನಿಮಿಷದಲ್ಲಿ ಹುಡುಕಿದರು.

ಬೇರೆ ಲಿಪಿಗಳಲ್ಲಿ ಈ ಅನುಕೂಲ ಇಲ್ಲ. ಆಗ ಅದೇ ಕಂಪನಿಯ ಇನ್ನೊಂದು ಫೋನನ್ನು ಪಕ್ಕದಲ್ಲಿಟ್ಟು, ಎರಡರಲ್ಲಿಯೂ ಸೆಟ್ಟಿಂಗ್ಸ್ ತೆರೆದು, ಪದಗಳನ್ನು ಬಿಟ್ಟು ಚಿತ್ರಗಳ ಗುರುತು ಮತ್ತು ಸಾಲಿನ ಸಂಖ್ಯೆಯನ್ನು ಹೋಲಿಸುತ್ತ ಹೋಗಿ. ಒಂದೊಂದೇ ಹೆಜ್ಜೆ ಎರಡೂ ಫೋನುಗಳಲ್ಲಿ ಒಟ್ಟಿಗೆ ಇಡಿ. ಭಾಷೆಯ ಸಾಲಿನ ಪಕ್ಕದಲ್ಲಿ ಹಲವು ಫೋನುಗಳಲ್ಲಿ ಭೂಗೋಳದ ಗುರುತು ಇರುತ್ತದೆ.

ಫೋನು ಉರ್ದುವಿನಲ್ಲಿದ್ದರೆ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಉರ್ದು ಬಲದಿಂದ ಎಡಕ್ಕೆ ಸಾಗುವ ಬರಹವಾದ್ದರಿಂದ ಪರದೆಯ ರಚನೆಯೇ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ಹಿಂದಕ್ಕೆ ಹೋಗುವ ಬಾಣದ ಗುರುತು ಮೇಲಿನ ಬಲ ಮೂಲೆಯಲ್ಲಿರುತ್ತದೆ, ಆನ್ ಮತ್ತು ಆಫ್ ಮಾಡುವ ಗುಂಡಿಗಳು ಎಡಕ್ಕೆ ಬಂದಿರುತ್ತವೆ. ಪಕ್ಕದ ಫೋನಿನೊಂದಿಗೆ ಹೋಲಿಸುವಾಗ ಮೇಲಿನಿಂದ ಕೆಳಗಿನ ಕ್ರಮ ಒಂದೇ ಇರುತ್ತದೆ, ಎಡ ಬಲ ಮಾತ್ರ ಅದಲು ಬದಲಾಗಿರುತ್ತದೆ.

ಭಾಷೆಗಳ ಪಟ್ಟಿಯವರೆಗೆ ತಲುಪಿದರೆ ಮುಂದೆ ಕಷ್ಟವಿಲ್ಲ. ಅಲ್ಲಿ ಪ್ರತಿ ಭಾಷೆಯ ಹೆಸರೂ ಅದರದೇ ಲಿಪಿಯಲ್ಲಿರುವುದರಿಂದ "ಕನ್ನಡ" ಎಂಬುದು ಕನ್ನಡದಲ್ಲಿಯೇ ಕಾಣುತ್ತದೆ.

## ಹಂತ 5: ಹಟ ಹಿಡಿದು ಉಳಿದ ಆ್ಯಪ್‌ಗಳನ್ನು ಒಂದೊಂದಾಗಿ ನೋಡಿ

ಫೋನು ಕನ್ನಡವಾದ ಮೇಲೆ ಕಾಕಾ ಅವರ ಫೋನಿನಲ್ಲಿ ಎರಡು ಆ್ಯಪ್‌ಗಳು ಬದಲಾಗದೆ ಉಳಿದವು. ಎರಡಕ್ಕೂ ಕಾರಣ ಬೇರೆ ಬೇರೆ.

ಮೊದಲನೆಯದು ವಾಟ್ಸ್ಆ್ಯಪ್. ಅದು ತೆಲುಗಿನಲ್ಲಿಯೇ ಇತ್ತು. ವಾಟ್ಸ್ಆ್ಯಪ್ ಸಾಮಾನ್ಯವಾಗಿ ಫೋನಿನ ಭಾಷೆಯನ್ನೇ ಅನುಸರಿಸುತ್ತದೆ, ಆದರೆ ಅದರೊಳಗೆ ಬೇರೆ ಭಾಷೆಯನ್ನು ಪ್ರತ್ಯೇಕವಾಗಿ ಆರಿಸಿದ್ದರೆ ಫೋನಿನ ಭಾಷೆ ಏನೇ ಆಗಲಿ ಅದನ್ನೇ ಹಿಡಿದುಕೊಂಡಿರುತ್ತದೆ. ಮೂರು ಚುಕ್ಕಿಗಳ ಮೆನುವಿನಿಂದ Settings ಗೆ ಹೋಗಿ App language ಅನ್ನು ಒತ್ತಿ ಕನ್ನಡ ಆರಿಸಿದ ಕೂಡಲೇ ಸರಿಯಾಯಿತು.

ಎರಡನೆಯದು ಒಂದು ಬ್ಯಾಂಕಿನ ಆ್ಯಪ್. ಅದು ಇಂಗ್ಲಿಷಿನಲ್ಲಿ ತೆರೆಯುತ್ತಿತ್ತು. ಅದರೊಳಗೆ ಕನ್ನಡದ ಪದಗಳನ್ನೇ ಹಾಕಿರಲಿಲ್ಲ. ಇಲ್ಲದ ಪೆಟ್ಟಿಗೆಯನ್ನು ಫೋನಿನ ಯಾವ ಆಯ್ಕೆಯೂ ತೆರೆಯಲಾರದು. ಇಂತಹ ಆ್ಯಪ್‌ಗಾಗಿ ಮತ್ತೆ ಖಾತೆಯ ಭಾಷೆಯನ್ನೋ ಫೋನಿನ ಭಾಷೆಯನ್ನೋ ಬದಲಾಯಿಸುತ್ತ ಕುಳಿತರೆ ಸಮಯ ವ್ಯರ್ಥವಾಗುತ್ತದೆ, ಸರಿಯಾಗಿದ್ದುದೂ ಕೆಡುತ್ತದೆ.

ಇವೆರಡರಲ್ಲಿ ನಿಮ್ಮದು ಯಾವುದು ಎಂದು ತಿಳಿಯಲು, 2022ರಲ್ಲಿ ಬಂದ ಆಂಡ್ರಾಯ್ಡ್ 13 ಅಥವಾ ಅದಕ್ಕಿಂತ ಹೊಸ ಆವೃತ್ತಿಯ ಫೋನಿನಲ್ಲಿ ಒಂದು ಅನುಕೂಲವಿದೆ. ಮೂಲ ಆಂಡ್ರಾಯ್ಡ್‌ನಲ್ಲಿ Languages ಪುಟದಲ್ಲಿಯೇ, ಸ್ಯಾಮ್‌ಸಂಗ್‌ನಲ್ಲಿ General management ಒಳಗೆ App languages ಎಂಬ ಸಾಲು ಇರುತ್ತದೆ. ಅದರಲ್ಲಿ ಆ್ಯಪ್‌ನ ಹೆಸರನ್ನು ಒತ್ತಿದರೆ ಅದು ಬಲ್ಲ ಭಾಷೆಗಳ ಪಟ್ಟಿ ಕಾಣುತ್ತದೆ. ಆದರೆ ತಯಾರಕರು ತಮ್ಮ ಭಾಷೆಗಳನ್ನು ಘೋಷಿಸಿರುವ ಆ್ಯಪ್‌ಗಳು ಮಾತ್ರ ಇಲ್ಲಿ ಬರುತ್ತವೆ. ಆದ್ದರಿಂದ ಇಲ್ಲಿ ಕಾಣದ ಆ್ಯಪ್‌ಗೆ ಭಾಷೆಯ ಆಯ್ಕೆಯೇ ಇಲ್ಲವೆಂದು ತೀರ್ಮಾನಿಸುವ ಮೊದಲು ಆ ಆ್ಯಪ್‌ನ ಒಳಗಿನ ಸೆಟ್ಟಿಂಗ್ಸ್ ಅನ್ನು ಒಮ್ಮೆ ನೋಡಿ.

ಇನ್ನೊಂದು ಸಣ್ಣ ವಿಷಯ. ಪ್ಲೇ ಸ್ಟೋರ್‌ನಿಂದ ಬರುವ ಅನೇಕ ಆ್ಯಪ್‌ಗಳು ಜಾಗ ಉಳಿಸಲು ಫೋನಿನ ಪಟ್ಟಿಯಲ್ಲಿರುವ ಭಾಷೆಗಳ ಪದಗಳನ್ನಷ್ಟೇ ಇಳಿಸಿಕೊಳ್ಳುತ್ತವೆ. ನೀವು ಕನ್ನಡವನ್ನು ಹೊಸದಾಗಿ ಸೇರಿಸಿದಾಗ ಆ ಪದಗಳು ಇಂಟರ್ನೆಟ್ ಮೂಲಕ ಇಳಿಯಬೇಕಾಗುತ್ತದೆ. ನೆಟ್ ಆಫ್ ಇದ್ದಾಗ ಭಾಷೆ ಬದಲಾಯಿಸಿದ್ದರೆ, ನೆಟ್ ಆನ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ಆ್ಯಪ್ ಅನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ.

## ಹಂತ 6: ಕೀಬೋರ್ಡ್ ಮತ್ತು ಬ್ರೌಸರ್

ಕೀಬೋರ್ಡಿನ ಭಾಷೆ ಮೆನುವಿನ ಭಾಷೆಯಲ್ಲ. Languages & input ಪುಟದಲ್ಲಿ ಎರಡೂ ಒಂದರ ಕೆಳಗೊಂದು ಇರುವುದರಿಂದ, ಹಲವರು ಕನ್ನಡ ಕೀಬೋರ್ಡನ್ನು ಸೇರಿಸಿ ಮೆನುವಿಗಾಗಿ ಕಾಯುತ್ತಾರೆ. ಜಿಬೋರ್ಡ್‌ನಲ್ಲಿ ಕನ್ನಡ ಸೇರಿಸಿದರೆ ಕನ್ನಡದಲ್ಲಿ ಬರೆಯಬಹುದು, ಅಷ್ಟೇ.

ಲಾಗಿನ್ ಆಗದೆ ನೋಡುವ ಜಾಲತಾಣಗಳಿಗೆ ನಿಮ್ಮ ಖಾತೆಯ ಭಾಷೆ ತಿಳಿಯುವುದಿಲ್ಲ. ಅವುಗಳಿಗೆ ಬ್ರೌಸರ್ ಪ್ರತಿ ಕೋರಿಕೆಯ ಜೊತೆ ಹೀಗೊಂದು ಸಾಲನ್ನು ಕಳುಹಿಸುತ್ತದೆ:

```
Accept-Language: kn-IN,kn;q=0.9,en;q=0.8
```

ಮೊದಲು ಕನ್ನಡ, ಅದಿಲ್ಲದಿದ್ದರೆ ಇಂಗ್ಲಿಷ್ ಎಂದು ಇದರ ಅರ್ಥ. ಕ್ರೋಮ್‌ನ ಮೂರು ಚುಕ್ಕಿಗಳ ಮೆನುವಿನಿಂದ Settings, Languages ಎಂದು ಹೋದರೆ ಈ ಪಟ್ಟಿಯನ್ನು ತಿದ್ದಬಹುದು. ಜಾಲತಾಣದಲ್ಲಿ ಕನ್ನಡದ ಪುಟವೇ ಇಲ್ಲದಿದ್ದರೆ ಈ ಸಾಲಿನಿಂದ ಪ್ರಯೋಜನವಿಲ್ಲ.

## ಎಲ್ಲಿ ನಿಲ್ಲಬೇಕು

ಭಾಷೆ ಬದಲಾಯಿಸಿಕೊಡಲು ಯಾರಾದರೂ ಪಾಸ್‌ವರ್ಡ್ ಅಥವಾ ಒಟಿಪಿ ಕೇಳಿದರೆ ಅವರು ಖಾತೆಯನ್ನು ತೆರೆಯಲು ಹೊರಟಿದ್ದಾರೆ ಎಂದು ಅರ್ಥ. ಮೆನುವಿನ ಭಾಷೆ ಬೇಕಾದವರಿಗೆ ಅದರ ಅಗತ್ಯವಿಲ್ಲ, ಅಲ್ಲಿಯೇ ನಿಲ್ಲಿಸಿ.

ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿದರೆ ಭಾಷೆ ಸರಿಹೋಗುತ್ತದೆ ಎಂಬ ಸಲಹೆಯನ್ನು ದಯವಿಟ್ಟು ಒಪ್ಪಬೇಡಿ. ರೀಸೆಟ್ ನಂತರ ಮೊದಲ ಪರದೆಯಲ್ಲಿ ಭಾಷೆ ಆರಿಸಲು ಅವಕಾಶ ಸಿಗುವುದು ನಿಜ, ಆದರೆ ಫೋನಿನಲ್ಲಿದ್ದ ಫೋಟೋಗಳು, ಬ್ಯಾಕಪ್ ಆಗದ ಸಂದೇಶಗಳು ಎಲ್ಲವೂ ಅಳಿಸಿಹೋಗುತ್ತವೆ. ಸೆಟ್ಟಿಂಗ್ಸ್‌ನಿಂದಲ್ಲದೆ ಬದಿಯ ಗುಂಡಿಗಳನ್ನು ಒತ್ತಿ ರೀಸೆಟ್ ಮಾಡಿದರೆ, ಫೋನಿನಲ್ಲಿ ಮೊದಲಿದ್ದ ಖಾತೆಯ ಪಾಸ್‌ವರ್ಡನ್ನೋ ಹಳೆಯ ಸ್ಕ್ರೀನ್ ಲಾಕನ್ನೋ ಕೊಡುವವರೆಗೂ ಫೋನು ಮುಂದೆ ಹೋಗದಿರಬಹುದು. ಎರಡನ್ನೂ ಮರೆತವರಿಗೆ ಇದರಿಂದ ಫೋನೇ ಕೈತಪ್ಪಿದಂತಾಗುತ್ತದೆ.

ಕಾಕಾ ಅವರಂತೆ ಅಂಗಡಿಯ ಕಂಪ್ಯೂಟರ್‌ನಲ್ಲಿ ಖಾತೆಯನ್ನು ತೆರೆಸಿದ್ದರೆ ಇನ್ನೊಂದು ಕೆಲಸ ಬಾಕಿ ಇದೆ. ಅಲ್ಲಿಂದ ಲಾಗ್ ಔಟ್ ಮಾಡಿದ್ದಾರೆಯೇ ಎಂದು ಅವರಿಗೆ ನೆನಪಿರಲಿಲ್ಲ. ಫೋನಿನಲ್ಲಿ Manage your Google Account ತೆರೆದು, Security ವಿಭಾಗದಲ್ಲಿ Your devices ಎಂಬುದನ್ನು ನೋಡಿದಾಗ ಪಟ್ಟಿಯಲ್ಲಿ ಫೋನಿನ ಜೊತೆ ಒಂದು ವಿಂಡೋಸ್ ಕಂಪ್ಯೂಟರ್ ಕೂಡ ಇತ್ತು. ಅದನ್ನು ಒತ್ತಿ Sign out ಮಾಡಿದೆವು, ನಂತರ ಪಾಸ್‌ವರ್ಡನ್ನೂ ಬದಲಾಯಿಸಿದೆವು, ಏಕೆಂದರೆ ಅಂಗಡಿಯಲ್ಲಿ ಅದನ್ನು ಕಾಕಾ ಬಾಯಿಬಿಟ್ಟು ಹೇಳಿ ಬರೆಸಿದ್ದರು.